ಸಹಾಯ ಬೇಕು: ತರಗತಿ ಬಿಟ್ಟವರು ಯಾರು, ನೆಟ್‌ವರ್ಕ್ ಹೋದವರು ಯಾರು?

ಅಡಿಕೆ ಎಲೆಚುಕ್ಕಿ ರೋಗದ ಜೂಮ್ ತರಗತಿಗಳ ರೆಕಾರ್ಡಿಂಗ್‌ನಲ್ಲಿ ಬೆಳೆಗಾರರು ಎಲ್ಲಿ ಪ್ರಶ್ನೆ ಕೇಳಿದರು, ಎಲ್ಲಿ ಹೊರಹೋದರು ಎಂದು ಗುರುತಿಸುತ್ತಿದ್ದೇವೆ. ಹಾಜರಾತಿ ವರದಿಯಲ್ಲಿರುವುದು ಗಡಿಯಾರದ ಸಮಯ, ವಿಡಿಯೊ ಸೊನ್ನೆಯಿಂದ ಶುರು. 7:06ಕ್ಕೆ ರೆಕಾರ್ಡಿಂಗ್ ಒತ್ತಿದ್ದರೆ 7:41ಕ್ಕೆ ಹೋದದ್ದು 35ನೇ ನಿಮಿಷ. ಅಷ್ಟರೊಳಗೆ 4 ನಿಮಿಷ ರೆಕಾರ್ಡಿಂಗ್ ನಿಲ್ಲಿಸಿದ್ದರೆ 31ನೆಯದು. ಇದು ಸರಿಹೋಗಿದೆ.

ತೊಡಕು ಮಳೆಗಾಲದ್ದು. ಹೊಸನಗರ, ತೀರ್ಥಹಳ್ಳಿ ಕಡೆ ಕರೆಂಟ್ ಹೋದರೂ ವರದಿಯಲ್ಲಿ ‘ಹೊರಹೋದರು’ ಎಂದೇ ಬರುತ್ತದೆ. Show unique users ಟಿಕ್ ತೆಗೆದರೆ ಪ್ರತಿ ಸಲ ಬಂದದ್ದೂ ಹೋದದ್ದೂ ಬೇರೆ ಸಾಲಾಗಿ ಕಾಣುತ್ತದೆ. 5 ನಿಮಿಷದೊಳಗೆ ಮರಳಿದವರನ್ನು ಲೆಕ್ಕದಿಂದ ಬಿಡುತ್ತಿದ್ದೇವೆ. ಒಂದೇ ಊರಿನ ನಾಲ್ಕೈದು ಮಂದಿ ಒಂದೇ ನಿಮಿಷದಲ್ಲಿ ಹೋದರೆ ಕರೆಂಟ್ ಎನ್ನಬಹುದು. ಆದರೆ ಒಬ್ಬರೇ ಹೋಗಿ ಮರಳದಿದ್ದರೆ, ಬೋರ್ಡೊ ದ್ರಾವಣದ ವಿವರಣೆ ಬೇಸರವಾಯಿತೋ, ಸಿಗ್ನಲ್ ಸತ್ತಿತೋ? ಇದನ್ನು ನೀವು ಹೇಗೆ ಬೇರ್ಪಡಿಸುತ್ತೀರಿ, ದಯವಿಟ್ಟು ತಿಳಿಸಿ.