ಒಂದೇ ಅಕ್ಷರದ ಡಿಎಫ್‌ಎ: ಬಾಲ ಎಷ್ಟು, ಲೂಪ್ ಎಷ್ಟು?

ವಿದ್ಯಾರ್ಥಿನಿ: ಅಕ್ಷರ `a` ಒಂದೇ. `(aaa+aaaaa)*` ಗೆ ಅತಿ ಚಿಕ್ಕ ಡಿಎಫ್‌ಎ ಬರೆಯಬೇಕು. ನನಗೆ ಉದ್ದ ಬಾಲ, ಕೊನೆಯಲ್ಲಿ ಒಂದೇ ಸ್ಟೇಟಿನ ಲೂಪ್ ಬಂತು. ಗೆಳತಿ ಲೂಪ್‌ನಲ್ಲಿ 15 ಸ್ಟೇಟ್ ಇರಬೇಕು ಅಂತಾಳೆ. ಯಾವುದು ಸರಿ?

ಸೀನಿಯರ್: 3, 5ರ ಲ.ಸಾ.ಅ. 15. ಗೆಳತಿಯದೇ ಸರಿ, ಬಾಲವೇ ಬೇಡ.

ಪಾಠ ಮಾಡುವವರು: 15 ಬರುವುದು `(aaa)*+(aaaaa)*` ಗೆ. ಅಲ್ಲಿ ಉದ್ದ ಮೂರರ ಮಗ್ಗಿಯಲ್ಲಿರಬೇಕು, ಇಲ್ಲವೇ ಐದರ ಮಗ್ಗಿಯಲ್ಲಿ. ಇಲ್ಲಿ ಎರಡನ್ನೂ ಬೆರೆಸಬಹುದು, ಹಾಗಾಗಿ ಲೆಕ್ಕವೇ ಬೇರೆ.

ಎಣಿಸಿ ನೋಡಿ. 0, 3, 5, 6 ಸಿಗುತ್ತವೆ. 1, 2, 4, 7 ಸಿಗುವುದಿಲ್ಲ. ಆಮೇಲೆ 8, 9, 10 ಸಾಲಾಗಿ ಸಿಗುತ್ತವೆ: 3+5, 3+3+3, 5+5. ಸಾಲಾಗಿ ಮೂರು ಸಿಕ್ಕಿದ್ದೇ ಸಾಕು, ಒಂದೊಂದಕ್ಕೂ 3 ಕೂಡಿಸುತ್ತಾ ಹೋದರೆ ಮುಂದಿನ ಯಾವ ಉದ್ದವೂ ತಪ್ಪುವುದಿಲ್ಲ. ಅಂದರೆ 0ಯಿಂದ 7ರವರೆಗೆ ಎಂಟು ಸ್ಟೇಟಿನ ಬಾಲ, 8ರಲ್ಲಿ ತನಗೆ ತಾನೇ ಲೂಪ್. ಒಟ್ಟು 9.

ಇನ್ನೂ ಚಿಕ್ಕದಾಗುತ್ತಾ ಅಂತ ತಿಳಿಯಲು ಬಾಲದ ಕೊನೆಯ ಸ್ಟೇಟನ್ನೂ ಲೂಪಿನ ಕೊನೆಯ ಸ್ಟೇಟನ್ನೂ ನೋಡಿ. ಎರಡೂ ಹೋಗುವುದು ಲೂಪಿನ ಮೊದಲ ಸ್ಟೇಟಿಗೇ. ಎರಡೂ ಒಪ್ಪಿದರೆ, ಅಥವಾ ಎರಡೂ ಒಪ್ಪದಿದ್ದರೆ, ಬಾಲದ್ದನ್ನು ಲೂಪಿನೊಳಗೆ ಮಡಚಿಬಿಡಬಹುದು. ಇಲ್ಲಿ 7 ಒಪ್ಪುವುದಿಲ್ಲ, 8 ಒಪ್ಪುತ್ತದೆ. ಮಡಚಲು ಬರುವುದಿಲ್ಲ. ಲೂಪಿನ ಒಳಗಿನ ವಿನ್ಯಾಸವೇ ಎರಡೆರಡು ಸಲ ಬಂದಿದೆಯಾ ಅಂತಲೂ ನೋಡಬೇಕು. ಒಂದೇ ಸ್ಟೇಟಿನ ಲೂಪಿಗೆ ಆ ಗೊಡವೆ ಇಲ್ಲ.

ಸೀನಿಯರ್: ಓಹ್, ನಾನು ಬರೀ ಮಗ್ಗಿ ನೋಡಿದೆ. ಹಾಗಾದರೆ `(aaaa+aaaaaa)*` ಗೂ ಕೊನೆಯಲ್ಲಿ ಒಂದೇ ಸ್ಟೇಟಾ?

ಪಾಠ ಮಾಡುವವರು: ಇಲ್ಲ. 4, 6 ಎಷ್ಟು ಬೆರೆಸಿದರೂ ಬೆಸ ಉದ್ದ ಬರೋದೇ ಇಲ್ಲ ಅಲ್ವಾ? ಲೂಪಿಗೆ ಎರಡು ಸ್ಟೇಟ್ ಬೇಕು. 2 ಸಿಗದ ಕಾರಣ 0, 1, 2 ಬಾಲದಲ್ಲಿ ಉಳಿಯುತ್ತವೆ. 3, 4 ಲೂಪ್, 4ರಿಂದ ವಾಪಸ್ 3ಕ್ಕೆ. ಇಲ್ಲಿ ಲೂಪ್ ತೀರ್ಮಾನಿಸಿದ್ದು ಮ.ಸಾ.ಅ.

ಕೆಲಸಕ್ಕಿರುವವರೊಬ್ಬರು: ನಮ್ಮ ಇಂಟರ್ವ್ಯೂನಲ್ಲಿ ಉದ್ದ 1, 4, 9, 16 ಹೀಗೆ ವರ್ಗಸಂಖ್ಯೆ ಆಗಿರಬೇಕು ಅಂತ ಕೇಳಿದ್ದರು. ನಾನು 100ರವರೆಗೆ ಬಾಲ ಎಳೆದುಬಿಟ್ಟೆ. ಅದೂ ನಡೆಯುತ್ತೆ ಅಲ್ವಾ?

ಪಾಠ ಮಾಡುವವರು: 100ರವರೆಗಿನ ವರ್ಗಗಳಷ್ಟೇ ಬೇಕಿದ್ದರೆ ನಡೆಯುತ್ತದೆ. ಎಲ್ಲ ವರ್ಗಗಳೂ ಬೇಕೆಂದರೆ ಯಾವ ಡಿಎಫ್‌ಎಯೂ ಆಗುವುದಿಲ್ಲ. ಬಾಲ ಮುಗಿದು ಲೂಪಿಗೆ ಬಿದ್ದ ಮೇಲೆ, ಲೂಪಿನಲ್ಲಿ ಒಪ್ಪುವ ಸ್ಟೇಟ್ ಒಂದಿದ್ದರೂ ಪ್ರತಿ ಸುತ್ತಿಗೂ ಅದು ಸಿಗಲೇಬೇಕು. ಅಂದಮೇಲೆ ಎರಡು ಒಪ್ಪಿದ ಉದ್ದಗಳ ನಡುವಿನ ಅಂತರ ಲೂಪಿಗಿಂತ ದೊಡ್ಡದಾಗುವಂತಿಲ್ಲ. ವರ್ಗಗಳ ಅಂತರ 3, 5, 7, 9 ಅಂತ ಬೆಳೆಯುತ್ತಲೇ ಹೋಗುತ್ತದೆ.

ವಿದ್ಯಾರ್ಥಿನಿ: ಥ್ಯಾಂಕ್ಸ್ ಸರ್. ಎನ್‌ಎಫ್‌ಎ ಆದರೆ ನನ್ನದು 5 ಸ್ಟೇಟಿಗೇ ಇಳಿಯಿತು. 0, 1, 2, 3, 4 ಸುತ್ತು, 2ರಿಂದ ನೇರ 0ಗೆ ಇನ್ನೊಂದು ಬಾಣ. 4 ಸ್ಟೇಟಿನಲ್ಲಿ ಆಗುತ್ತಾ?

ಪಾಠ ಮಾಡುವವರು: ಚೆನ್ನಾಗಿದೆ, 0 ಮಾತ್ರ ಒಪ್ಪುವ ಸ್ಟೇಟ್ ಆಗಿರಲಿ. ನಾಲ್ಕರದ್ದು ನಾನೂ ಬರೆದು ನೋಡಿಲ್ಲ. 4 ಮತ್ತು 7 ಒಳಗೆ ನುಸುಳದಂತೆ ಯಾರಾದರೂ ಬರೆದರೆ ಇಲ್ಲಿ ಹಾಕಿ.