ಎದುರಾಳಿಗಳ ಬಲ ಸೇರಿಸಿದರೆ ರೇಟಿಂಗ್ ನಿಲ್ಲದೆ ಏರುತ್ತಿದೆ (ಟೆಸ್ಟ್ ಚಾಂಪಿಯನ್‌ಶಿಪ್ 2023–25)

ಬೌಂಡರಿಗೆರೆ:
ವಿಶ್ವ ಟೆಸ್ಟ್ ಚಾಂಪಿಯನ್‌ಶಿಪ್‌ನ 2023–25ರ ಪಟ್ಟಿ ಪಿಸಿಟಿಯಲ್ಲಿ, ಅಂದರೆ ಸಿಗಬಹುದಾಗಿದ್ದ ಅಂಕಗಳಲ್ಲಿ ಸಿಕ್ಕ ಶೇಕಡಾ ಪಾಲಿನಲ್ಲಿ, ಹೀಗೆ ಮುಗಿಯಿತು: ದಕ್ಷಿಣ ಆಫ್ರಿಕಾ 69.44, ಆಸ್ಟ್ರೇಲಿಯಾ 67.54, ಭಾರತ 50.00. ಇರುವುದು ಒಂಬತ್ತು ತಂಡ, ಪ್ರತಿಯೊಂದೂ ಆಡುವುದು ಆರೇ ಸರಣಿ. ಹಾಗಾಗಿ ಎರಡೆರಡು ತಂಡ ಎದುರಿಗೆ ಬರುವುದೇ ಇಲ್ಲ. ದಕ್ಷಿಣ ಆಫ್ರಿಕಾಕ್ಕೆ ಬಾರದೆ ಹೋದವು ಆಸ್ಟ್ರೇಲಿಯಾ ಮತ್ತು ಇಂಗ್ಲೆಂಡ್. ಆಸ್ಟ್ರೇಲಿಯಾವಾದರೋ ಇಂಗ್ಲೆಂಡ್ ಜೊತೆ ಐದು, ಭಾರತದ ಜೊತೆ ಐದು ಟೆಸ್ಟ್ ಆಡಿತು. ಈ ವ್ಯತ್ಯಾಸ ತೆಗೆದು ನೋಡಬೇಕೆಂದು ಗೂಗಲ್ ಶೀಟ್ಸ್‌ನಲ್ಲಿ ಲೆಕ್ಕ ಕಟ್ಟಿದ್ದೇನೆ.

ಸೂತ್ರ ಇಷ್ಟೇ: ತಂಡದ ಪಿಸಿಟಿಗೆ ಅದರ ಎದುರಾಳಿಗಳ ಸರಾಸರಿ ರೇಟಿಂಗ್ ಕೂಡಿಸುವುದು. ಬಂದ ರೇಟಿಂಗ್ ಇಟ್ಟುಕೊಂಡು ಮತ್ತೆ ಅದನ್ನೇ ಮಾಡುವುದು. ಸರಾಸರಿ ತೆಗೆಯುವಾಗ ಪಂದ್ಯಗಳ ಸಂಖ್ಯೆಯ ತೂಕ ಕೊಟ್ಟಿದ್ದೇನೆ. ನಾಲ್ಕೈದು ಸುತ್ತಿಗೆ ನಿಲ್ಲಬೇಕಿತ್ತು. ಆದರೆ ಪ್ರತಿ ಸುತ್ತಿನಲ್ಲೂ ಎಲ್ಲ ತಂಡಗಳೂ ಸುಮಾರು 46 ಏರುತ್ತಿವೆ, ಹತ್ತನೇ ಸುತ್ತಿಗೆ ಕೊನೆಯ ತಂಡವೂ 450 ದಾಟಿದೆ. ಸೂತ್ರ ಮೂರು ಸಲ ನೋಡಿದೆ, ಸೆಲ್‌ಗಳು ಸರಿಯಾಗಿಯೇ ಇವೆ. ಎಲ್ಲಿ ತಪ್ಪುತ್ತಿದೆ?

ಶೆಟ್ಟರಂಗಳ:
ಪರಸ್ಪರ ಆಡಿದ ಪಂದ್ಯಗಳನ್ನು ಕಳೆಯದೆ ಬಿಟ್ಟಿದ್ದೀರಿ, ಅದೇ ತಪ್ಪು. ಶ್ರೀಲಂಕಾವನ್ನು ದಕ್ಷಿಣ ಆಫ್ರಿಕಾ ಎರಡು ಸಲ ಸೋಲಿಸಿದಾಗ ಶ್ರೀಲಂಕಾದ ಅಂಕ ಇಳಿಯುತ್ತದೆ, ಆಗ ದಕ್ಷಿಣ ಆಫ್ರಿಕಾ ಆಡಿದ್ದು ದುರ್ಬಲ ತಂಡದ ಮೇಲೆ ಎಂದು ಶೀಟ್ ಹೇಳುತ್ತದೆ. ಗೆದ್ದದ್ದೇ ತಪ್ಪಾಯಿತಲ್ಲ ಮಾರಾಯ್ರೆ!

ಗೆಲುವಿಗೆ 1, ಡ್ರಾಗೆ ಅರ್ಧ ಇಟ್ಟು, ಪರಸ್ಪರ ಪಂದ್ಯ ಬಿಟ್ಟು ಲೆಕ್ಕ ಹಾಕಿ. ಶ್ರೀಲಂಕಾ 13ರಲ್ಲಿ 5 ಗೆದ್ದಿದೆ. ದಕ್ಷಿಣ ಆಫ್ರಿಕಾದ ಎರಡು ಸೋಲು ತೆಗೆದರೆ 11ರಲ್ಲಿ 5, ಅಂದರೆ 0.45. ಹೀಗೆ ಆರೂ ಎದುರಾಳಿಗಳನ್ನು ಮಾಡಿದರೆ ದಕ್ಷಿಣ ಆಫ್ರಿಕಾದ ಎದುರಾಳಿಗಳ ಸರಾಸರಿ 0.42. ಆಸ್ಟ್ರೇಲಿಯಾದ್ದು 0.51. ಈಗ ತಂಡದ ಗೆಲುವಿನ ಪಾಲನ್ನು ಇದರಿಂದ ಗುಣಿಸಿ, ಮುಗಿಯಿತು. ಸುತ್ತುಗಳೇ ಬೇಡ.

ತಕ್ಕಡಿ:
ಶೆಟ್ಟರೇ, ನಿಮ್ಮ 0.42 ಮತ್ತು 0.51 ಸರಿ. ಒಂದೇ ಹೆಜ್ಜೆಯ ಲೆಕ್ಕವಾದರೆ ಪರಸ್ಪರ ಪಂದ್ಯ ತೆಗೆಯಲೇಬೇಕು. ಆದರೆ ಅವರ ಶೀಟ್ ಏರುತ್ತಿರುವುದಕ್ಕೆ ಕಾರಣ ಅದಲ್ಲ. ಗುಣಾಕಾರವನ್ನಂತೂ ಬಿಡಿ: ಎಲ್ಲವನ್ನೂ ಸೋತ ತಂಡ ಯಾರ ಮೇಲೆ ಆಡಿದ್ದರೂ ಸೊನ್ನೆಯಲ್ಲೇ ಇರುತ್ತದೆ. ಬಲಿಷ್ಠರ ಮೇಲೆ ಆಡಿ ಸೋತದ್ದಕ್ಕೂ ದುರ್ಬಲರ ಮೇಲೆ ಆಡಿ ಸೋತದ್ದಕ್ಕೂ ವ್ಯತ್ಯಾಸವೇ ಉಳಿಯದಿದ್ದರೆ ಇಷ್ಟೆಲ್ಲ ಯಾಕೆ?

ಬೌಂಡರಿಗೆರೆಯವರೇ, ನಿಮ್ಮ ಪಿಸಿಟಿಯ ಸರಾಸರಿ ಸೊನ್ನೆಯಲ್ಲ, ಅಷ್ಟೇ ಕಾಯಿಲೆ. ಪ್ರತಿ ಸುತ್ತಿನಲ್ಲೂ ಎದುರಾಳಿಗಳ ಸರಾಸರಿಯ ಮೇಲೆ ಮತ್ತೊಂದು ಪಿಸಿಟಿ ಕೂಡುತ್ತೀರಿ, ಹಾಗಾಗಿ ಇಡೀ ಪಟ್ಟಿ ಒಂದು ಸರಾಸರಿಯಷ್ಟು ಮೇಲಕ್ಕೆ ಜರುಗುತ್ತದೆ. ಆ ಸರಾಸರಿ ಎಷ್ಟು? ಒಟ್ಟು 69 ಪಂದ್ಯ. ಎರಡೂ ಕಡೆ ಸೇರಿ ಸಿಗಬಹುದಾಗಿದ್ದ ಅಂಕ 1656, ನಿಜಕ್ಕೂ ಹಂಚಿಹೋದದ್ದು 759. ಭಾಗಿಸಿದರೆ 45.8. ನೀವು ಕಂಡ 46 ಅದೇ. ತಂಡಗಳ ನಡುವಿನ ಅಂತರ ಆಗಲೇ ನಿಂತಿರುತ್ತದೆ, ಎರಡು ಸುತ್ತಿನ ನಡುವೆ ಯಾವುದಾದರೂ ಎರಡು ತಂಡಗಳ ವ್ಯತ್ಯಾಸ ಕಳೆದು ನೋಡಿ.

ಎಲ್ಲದರಿಂದಲೂ 50 ಕಳೆದರೆ ಸಾಲದು. ಡ್ರಾಗೆ ಎರಡೂ ಕಡೆ ಸೇರಿ 24ರಲ್ಲಿ 8 ಅಂಕವಷ್ಟೇ ಹಂಚುತ್ತಾರೆ, ಓವರ್ ನಿಧಾನಕ್ಕೆ ದಂಡ ಬೇರೆ. ಪಟ್ಟಿ ಆಗ ಮೆಲ್ಲಗೆ ಕೆಳಗೆ ಜಾರುತ್ತದೆ. ದಂಡಕ್ಕೂ ಆಟದ ಬಲಕ್ಕೂ ಸಂಬಂಧವೂ ಇಲ್ಲ: ಆಸ್ಟ್ರೇಲಿಯಾ 10 ಅಂಕ ಕಳೆದುಕೊಂಡಿತು, ಇಂಗ್ಲೆಂಡ್ 22. ಆ 10 ಇಲ್ಲದಿದ್ದರೆ ಆಸ್ಟ್ರೇಲಿಯಾ 71.93, ಅಂದರೆ ಎದುರಾಳಿಗಳ ಮಾತು ಬರುವ ಮೊದಲೇ ಪಟ್ಟಿಯ ತುದಿಯಲ್ಲಿ ಇರುತ್ತಿತ್ತು.

ಪಿಸಿಟಿ ಬಿಟ್ಟು, ಗೆಲುವಿಗೆ +1, ಸೋಲಿಗೆ −1, ಡ್ರಾಗೆ 0 ಇಡಿ. ಒಂದು ಪಂದ್ಯದ ಎರಡೂ ಕಡೆ ಕೂಡಿದರೆ ಯಾವಾಗಲೂ ಸೊನ್ನೆ, ಹಾಗಾಗಿ ಜರುಗಲು ದಾರಿಯೇ ಇಲ್ಲ. `B2:J10`ರಲ್ಲಿ ಯಾರು ಯಾರ ಮೇಲೆ ಎಷ್ಟು ಪಂದ್ಯ, ಆಡದ ಕಡೆ ಖಾಲಿ ಬಿಡದೆ 0, `K`ಯಲ್ಲಿ ಒಟ್ಟು ಪಂದ್ಯ, `L`ನಲ್ಲಿ ಗೆಲುವಿನಿಂದ ಸೋಲು ಕಳೆದು ಪಂದ್ಯದಿಂದ ಭಾಗಿಸಿದ್ದು, `M`ನಲ್ಲಿ ಬರೀ ಸೊನ್ನೆ. `N2`ರಲ್ಲಿ ಇದನ್ನು ಹಾಕಿ ಬಲಕ್ಕೆ ನಕಲು ಮಾಡುತ್ತಾ ಹೋಗಿ:

```
=ARRAYFORMULA($L$2:$L$10+MMULT($B$2:$J$10,M$2:M$10)/$K$2:$K$10)
```

`M`ಗೆ ಡಾಲರ್ ಚಿಹ್ನೆ ಸಾಲಿಗೆ ಮಾತ್ರ ಇರಲಿ, ಕಾಲಮ್ಮಿಗೆ ಹಾಕಿದರೆ ಪ್ರತಿ ಸುತ್ತೂ ಮೊದಲಿನ ಸೊನ್ನೆಗೇ ಮರಳುತ್ತದೆ. ಹತ್ತು ಕಾಲಮ್ ಸಾಕು.

ಇಲ್ಲಿ ಪರಸ್ಪರ ಪಂದ್ಯ ತೆಗೆಯಬಾರದು. ಪ್ರತಿ ಪಂದ್ಯದ ಫಲಿತಾಂಶಕ್ಕೆ ಎರಡು ರೇಟಿಂಗ್‌ಗಳ ಅಂತರ ಆದಷ್ಟು ಹತ್ತಿರ ಬರುವಂತೆ ಒಂಬತ್ತನ್ನೂ ಒಟ್ಟಿಗೆ ಹೊಂದಿಸುವ ಲೆಕ್ಕ ಇದು. ಪಂದ್ಯ ತೆಗೆದರೆ ಹೊಂದಿಸಬೇಕಾದ ವಸ್ತುವನ್ನೇ ತೆಗೆದಂತೆ.

ಬೌಂಡರಿಗೆರೆ:
ನಿಂತಿತು! ಹತ್ತನೇ ಕಾಲಮ್‌ನಲ್ಲಿ ಬಂದದ್ದು, ಆವರಣದಲ್ಲಿರುವುದು ಸರಿಪಡಿಸುವ ಮೊದಲಿನದು: ಆಸ್ಟ್ರೇಲಿಯಾ 0.43 (0.47), ದಕ್ಷಿಣ ಆಫ್ರಿಕಾ 0.24 (0.42), ಭಾರತ 0.14 (0.05), ಇಂಗ್ಲೆಂಡ್ 0.07 (0.05), ನ್ಯೂಜಿಲೆಂಡ್ 0.05 (0), ಶ್ರೀಲಂಕಾ −0.21 (−0.23), ಪಾಕಿಸ್ತಾನ −0.28 (−0.29), ವೆಸ್ಟ್ ಇಂಡೀಸ್ −0.35 (−0.38), ಬಾಂಗ್ಲಾದೇಶ −0.40 (−0.33).

ಎರಡು ಸಂಶಯ. ಬಾಂಗ್ಲಾದೇಶ ಪಾಕಿಸ್ತಾನದಲ್ಲಿ 2–0 ಗೆದ್ದು ಬಂದಿದೆ, ಆದರೂ ಕೊನೆಗೆ ಬಿತ್ತು. ಇನ್ನು ಆಸ್ಟ್ರೇಲಿಯಾ ಆಡಿದ್ದು ಕಷ್ಟದ ತಂಡಗಳ ಮೇಲೆ ಅಂತಲೇ ಶುರು ಮಾಡಿದ್ದು, ಅದರ ಅಂಕ ಏರುವ ಬದಲು ಇಳಿದಿದೆಯಲ್ಲ?

ತಕ್ಕಡಿ:
ಆಸ್ಟ್ರೇಲಿಯಾಕ್ಕೆ ಸಿಗದ ಒಂದು ಕಷ್ಟದ ಎದುರಾಳಿ ಇದೆ: ಆಸ್ಟ್ರೇಲಿಯಾ. ಎಲ್ಲರಿಗಿಂತ ಮೇಲಿರುವ ತಂಡ ತನ್ನ ಮೇಲೆ ತಾನು ಆಡುವುದಿಲ್ಲ, ಹಾಗಾಗಿ ಅದರ ಎದುರಾಳಿಗಳ ಸರಾಸರಿ ಸಾಮಾನ್ಯವಾಗಿ ಸೊನ್ನೆಗಿಂತ ಕೆಳಗೇ ಇರುತ್ತದೆ. ನೋಡಬೇಕಾದ್ದು ಇಳಿತದ ಪ್ರಮಾಣ. ಆಸ್ಟ್ರೇಲಿಯಾ ಇಳಿದದ್ದು 0.04, ದಕ್ಷಿಣ ಆಫ್ರಿಕಾ 0.17.

ಬಾಂಗ್ಲಾದೇಶದ್ದು ಬೇರೆ ಕಥೆ. ಅದಕ್ಕೂ ಆಸ್ಟ್ರೇಲಿಯಾ, ಇಂಗ್ಲೆಂಡ್ ಎರಡೂ ಸಿಗಲಿಲ್ಲ. ವೆಸ್ಟ್ ಇಂಡೀಸ್ ಇಬ್ಬರ ಮೇಲೂ ಆಡಿದೆ: ಇಂಗ್ಲೆಂಡಿನಲ್ಲಿ 0–3, ಆಸ್ಟ್ರೇಲಿಯಾದಲ್ಲಿ 1–1. ಆ ಒಂದು ಗೆಲುವು, 2024ರ ಜನವರಿಯಲ್ಲಿ ಬ್ರಿಸ್ಬೇನ್‌ನಲ್ಲಿ ಬಂದದ್ದು, ಇಲ್ಲಿ ದೊಡ್ಡ ತೂಕದ್ದು.

ಪೂಲ್_ಎ:
ಸರ್, ಇದೇ ಸೂತ್ರ ನಮ್ಮ ತಾಲ್ಲೂಕು ಲೀಗಿಗೆ ಹಾಕಿದೆ. ಎಂಟು ತಂಡ, ನಾಲ್ಕರ ಎರಡು ಪೂಲ್. ಎ ಪೂಲ್‌ನಲ್ಲಿ ಹಳೇ ಚಾಂಪಿಯನ್ನರೆಲ್ಲ ಇದ್ದಾರೆ, ಬಿ ಪೂಲ್ ಹೊಸಬರದ್ದು. ಆದರೂ ಎರಡೂ ಪೂಲ್‌ನ ಮೊದಲ ತಂಡಕ್ಕೆ ಒಂದೇ ರೇಟಿಂಗ್ ಬರುತ್ತಿದೆ. +1 ಬದಲು ನೆಟ್ ರನ್ ರೇಟ್ ಹಾಕಿದರೆ ಸರಿಹೋಗುತ್ತದಾ?

ತಕ್ಕಡಿ:
ಹೋಗುವುದಿಲ್ಲ. ಎರಡು ಪೂಲ್ ನಡುವೆ ಒಂದೂ ಪಂದ್ಯ ನಡೆದಿಲ್ಲವೆಂದರೆ ಹೊಸಬರು ದುರ್ಬಲರು ಎನ್ನುವುದು ನಿಮಗೆ ಗೊತ್ತು, ಶೀಟಿಗೆ ಗೊತ್ತಿಲ್ಲ. ಪ್ರತಿ ಪೂಲ್‌ನ ನಾಲ್ಕು ರೇಟಿಂಗ್ ಬೇರೆಬೇರೆ ಕೂಡಿ ನೋಡಿ, ಎರಡೂ ಸೊನ್ನೆ ಬಂದರೆ ಇದೇ ಕಾರಣ. ಯಾವ ಅಂಕ ಹಾಕಿದರೂ ಅಷ್ಟೇ. ಸೆಮಿಫೈನಲ್‌ನಲ್ಲಿ ಅಡ್ಡ ಪಂದ್ಯ ಇದ್ದರೆ ಅವನ್ನೂ ಸೇರಿಸಿ. ಒಂದೇ ಅಡ್ಡ ಪಂದ್ಯವಾದರೆ ಪೂಲ್‌ಗಳ ನಡುವಿನ ಇಡೀ ಅಂತರ ಅದರ ಮೇಲೆ ನಿಲ್ಲುತ್ತದೆ, ಅದನ್ನು ನಂಬಬೇಡಿ. ಕಳೆದ ವರ್ಷದ ಪಂದ್ಯಗಳನ್ನು ಕಡಿಮೆ ತೂಕದಲ್ಲಿ ಸೇರಿಸಿದರೆ ಸ್ವಲ್ಪ ಉತ್ತಮ, ತಂಡಗಳಲ್ಲಿ ಅದೇ ಹುಡುಗರಿದ್ದರೆ ಮಾತ್ರ.

ಮೂರನೇ_ಅಂಪೈರ್:
ಎಲ್ಲರೂ ತವರು ಪಿಚ್ ಮರೆತಿದ್ದೀರಿ. ಟೆಸ್ಟ್‌ನಲ್ಲಿ ಅದೇ ಅರ್ಧ ಆಟ. ಅದನ್ನು ತೆಗೆಯದೆ ಈ ಪಟ್ಟಿಗೆ ಬೆಲೆಯಿಲ್ಲ.

ತಕ್ಕಡಿ:
ನಾನೂ ಹಾಗೆ ಅಂದುಕೊಂಡೇ ಎಣಿಸಿದೆ. ಈ ಆವೃತ್ತಿಯ 69 ಪಂದ್ಯಗಳಲ್ಲಿ ತವರು ತಂಡ ಗೆದ್ದದ್ದು 35, ಪ್ರವಾಸಿ ತಂಡ 30, ಡ್ರಾ 4. ಅಂದರೆ ಪಂದ್ಯಕ್ಕೆ 0.07. ನ್ಯೂಜಿಲೆಂಡ್ ಭಾರತಕ್ಕೆ ಬಂದು 3–0 ಗೆದ್ದದ್ದು, ಬಾಂಗ್ಲಾದೇಶ ತವರಿನಲ್ಲಿ ಐದು ಸೋತದ್ದು ಎಲ್ಲ ಸೇರಿ ಹೀಗಾಗಿದೆ. ಹೆಚ್ಚು ವರ್ಷ ತೆಗೆದುಕೊಂಡರೆ ಈ ಸಂಖ್ಯೆ ದೊಡ್ಡದಾದೀತು. ಆದರೂ ಮೇಲಿನ ಎರಡು ತಂಡಗಳ ಹೋಲಿಕೆಗೆ ಅದರಿಂದ ಏನೂ ಆಗದು: ದಕ್ಷಿಣ ಆಫ್ರಿಕಾ ತವರಿನಲ್ಲಿ 6, ಹೊರಗೆ 6. ಆಸ್ಟ್ರೇಲಿಯಾ 10 ಮತ್ತು 9.

ಶೆಟ್ಟರಂಗಳ:
ಹಾಗಾದರೆ ನ್ಯೂಜಿಲೆಂಡ್‌ನಲ್ಲಿ ದಕ್ಷಿಣ ಆಫ್ರಿಕಾ 0–2 ಸೋತದ್ದನ್ನು ಏನು ಮಾಡುತ್ತೀರಿ? 2024ರ ಫೆಬ್ರವರಿ, ತವರಿನ ಟಿ20 ಲೀಗ್ ಎಸ್‌ಎ20 ನಡೆಯುತ್ತಿತ್ತು, ಮುಖ್ಯ ಆಟಗಾರರೆಲ್ಲ ಅಲ್ಲಿ. ನಾಯಕ ನೀಲ್ ಬ್ರ್ಯಾಂಡ್‌ಗೆ ಅದೇ ಮೊದಲ ಟೆಸ್ಟ್. ಹೆಸರು ದಕ್ಷಿಣ ಆಫ್ರಿಕಾ, ತಂಡ ಬೇರೆ. ಮಾರ್ಕ್ಸ್ ಕಾರ್ಡ್ ಯಾರದ್ದೋ, ಪರೀಕ್ಷೆ ಬರೆದವರು ಇನ್ಯಾರೋ.

ಬೌಂಡರಿಗೆರೆ:
ಆ ಎರಡು ಪಂದ್ಯ ತೆಗೆದು ಓಡಿಸಿದೆ. ದಕ್ಷಿಣ ಆಫ್ರಿಕಾ 0.24ರಿಂದ ಅರ್ಧದ ಹತ್ತಿರಕ್ಕೆ ಹಾರಿ ಆಸ್ಟ್ರೇಲಿಯಾವನ್ನು ಕೊಂಚ ದಾಟುತ್ತದೆ. ನ್ಯೂಜಿಲೆಂಡ್ ಸೊನ್ನೆಗಿಂತ ಕೆಳಗೆ ಬೀಳುತ್ತದೆ. ಎರಡೇ ಪಂದ್ಯಕ್ಕೆ ಇಷ್ಟಾ?

ತಕ್ಕಡಿ:
ಹನ್ನೆರಡರಲ್ಲಿ ಎರಡು ಅಂದರೆ ಆರನೇ ಒಂದು ಭಾಗ. ಎದುರಾಳಿಗಳ ಬಲ ಎಷ್ಟು ಚೆನ್ನಾಗಿ ಸರಿಪಡಿಸಿದರೂ ಪಂದ್ಯಗಳ ಸಂಖ್ಯೆ ಹೆಚ್ಚುವುದಿಲ್ಲ. ಪ್ರತಿ ಸರಣಿಯನ್ನೂ ಒಂದೊಂದಾಗಿ ತೆಗೆದು ಓಡಿಸಿ ನೋಡಿ, ಯಾವ ಸ್ಥಾನ ಅಲುಗಾಡುತ್ತದೆ ಎಂದು ಬರೆದಿಟ್ಟುಕೊಳ್ಳಿ. ಮೇಲಿನ ಎರಡರ ಕ್ರಮ ಅಲುಗುತ್ತದೆ ಎನ್ನುವುದು ಆಗಲೇ ಕಂಡಿದೆ. ಆದರೆ ಈ ಒಂದು ಸರಣಿಯನ್ನು ಮಾತ್ರ ತೆಗೆದು, ಬೇರೆ ತಂಡಗಳ ಗಾಯಾಳುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು ನನಗೆ ಒಪ್ಪಿಗೆಯಿಲ್ಲ. ತೆಗೆಯುವ ನಿಯಮವನ್ನು ಫಲಿತಾಂಶ ನೋಡುವ ಮೊದಲೇ ಬರೆದಿರಬೇಕು.

ಶೆಟ್ಟರಂಗಳ:
ಗಾಯವಾಗಿ ಹೊರಗುಳಿಯುವುದೇ ಬೇರೆ, ಮಂಡಳಿಯೇ ಟಿ20ಗೆ ಕಳಿಸುವುದೇ ಬೇರೆ. 2025ರ ಜೂನ್‌ನಲ್ಲಿ ಲಾರ್ಡ್ಸ್ ಫೈನಲ್‌ನಲ್ಲಿ ಪೂರ್ತಿ ತಂಡ ಆಡಿತು, ಆಸ್ಟ್ರೇಲಿಯಾವನ್ನು ಐದು ವಿಕೆಟ್‌ಗಳಿಂದ ಸೋಲಿಸಿತು.

ತಕ್ಕಡಿ:
ಅದು ಒಂದು ಪಂದ್ಯ ಶೆಟ್ಟರೇ. ಶೀಟಿಗೆ ಸೇರಿಸಿ, +1 ಮತ್ತು −1, ಬೇರೆ ಎಲ್ಲದರಷ್ಟೇ ತೂಕ.

ಬೌಂಡರಿಗೆರೆ:
ಎರಡು ಶೀಟ್ ಇಡುತ್ತೇನೆ, ಆ ಸರಣಿ ಇರುವುದು ಒಂದು, ಇಲ್ಲದ್ದು ಒಂದು. ಇನ್ನೊಂದು ಪ್ರಶ್ನೆ: ಇನಿಂಗ್ಸ್ ಗೆಲುವಿಗೂ ಎರಡು ವಿಕೆಟ್ ಗೆಲುವಿಗೂ ಒಂದೇ +1 ಹಾಕುವುದು ಸರಿ ಕಾಣುತ್ತಿಲ್ಲ. ರನ್ ಅಂತರ, ವಿಕೆಟ್ ಅಂತರ ಎರಡನ್ನೂ ಒಂದೇ ಅಳತೆಗೆ ತಂದವರು ಯಾರಾದರೂ ಇದ್ದಾರಾ?