6 ಲಕ್ಷ ಒಂದೇ ಸಲ ಹಾಕುವುದಾ, ಕಂತಿನಲ್ಲಾ? ಅನುಭವ ಇದ್ದವರು ಹೇಳಿ

ಕೇಳಿದವರು, ಬಾಗಲಕೋಟೆ
ನವನಗರದ ಸೈಟು ಮಾರಿದ್ದರಲ್ಲಿ ನನ್ನ ಪಾಲಿಗೆ 6 ಲಕ್ಷ ಬಂದಿದೆ. ಹತ್ತು ವರ್ಷ ಮುಟ್ಟುವ ಕೆಲಸ ಇಲ್ಲ. ನಿಫ್ಟಿ ಇಂಡೆಕ್ಸ್ ಫಂಡಿಗೆ ಹಾಕೋಣ ಅಂದ್ಕೊಂಡಿದ್ದೇನೆ. ಮಾರ್ಕೆಟ್ ಸಿಕ್ಕಾಪಟ್ಟೆ ಏರಿಳಿತ ಇದೆ. ಪೂರ್ತಿ ಹಾಕಿಬಿಡಲಾ, ತಿಂಗಳಿಗೆ 50 ಸಾವಿರದ ಹಾಗೆ ಹಾಕಲಾ?

ಜಮಖಂಡಿ ಕಿರಾಣಿ
ಅಕ್ಕಾರೆ, ಎಸ್‌ಐಪಿನೇ ಮಾಡಿ, ಅಂದರೆ ತಿಂಗಳ ಕಂತು. ಅಂಗಡಿ ಗಲ್ಲಾದಿಂದ ತಿಂಗಳಿಗೆ 5 ಸಾವಿರ ತೆಗೆದು ಹಾಕುತ್ತಾ ಬಂದಿದ್ದೇನೆ. ಬೆಲೆ ಬಿದ್ದಾಗ ಯೂನಿಟ್ ಜಾಸ್ತಿ ಬರುತ್ತವೆ, ಏರಿದಾಗ ಕಡಿಮೆ. ಹಾಗಾಗಿ ನಮಗೆ ಬೀಳುವ ದರ ಯಾವಾಗಲೂ ಮಾರ್ಕೆಟ್ಟಿನ ಸರಾಸರಿಗಿಂತ ಕಡಿಮೆ. ಏರಿಳಿತ ಎಷ್ಟು ಜಾಸ್ತಿಯೋ ಅಷ್ಟು ಲಾಭ.

ಬೆಳಗಾವಿ ಲೆಕ್ಕಪತ್ರ
ಜಮಖಂಡಿಯವರೇ, ನಿಮ್ಮ ಕೈಗೆ ದುಡ್ಡು ಬರುವುದೇ ತಿಂಗಳಿಗೊಮ್ಮೆ. ಬಂದ ಕೂಡಲೇ ಹಾಕುತ್ತಿದ್ದೀರಿ. ಅದು ಸರಿಯಾಗೇ ಇದೆ. ಆದರೆ ಇವರ ಹತ್ತಿರ ಪೂರ್ತಿ ದುಡ್ಡು ಈಗಲೇ ಇದೆ, ಆದ್ದರಿಂದ ಲೆಕ್ಕವೇ ಬೇರೆ.

ಕಂತಿನವರಿಗೆ ಸರಾಸರಿಗಿಂತ ಕಡಿಮೆ ದರ ಬೀಳುತ್ತದೆ ಅನ್ನೋದು ನಿಜ. ಆದರೆ ಹೋಲಿಸಬೇಕಾದದ್ದು ಸರಾಸರಿ ಜೊತೆ ಅಲ್ಲ, ಮೊದಲ ದಿನದ ಬೆಲೆ ಜೊತೆ. ಒಂದೇ ಸಲ ಹಾಕುವವರು ಕೊಳ್ಳುವುದು ಆ ಬೆಲೆಗೆ ಅಲ್ವಾ?

2020ರ ನಿಫ್ಟಿ ತೆಗೆದುಕೊಳ್ಳಿ. ಜನವರಿ ಮೊದಲಿಗೆ ಹೆಚ್ಚುಕಡಿಮೆ 12,200 ಇತ್ತು. ಮಾರ್ಚ್ 23ಕ್ಕೆ 7,610ಕ್ಕೆ ಬಿತ್ತು. ಏಪ್ರಿಲ್ ಮೊದಲಿಗೆ 8,250ರ ಹತ್ತಿರ ಇತ್ತು, ಅಲ್ಲಿಂದ ಮೇಲೆ ಹತ್ತುತ್ತಾ ವರ್ಷ ಮುಗಿಯುವಾಗ 14,000 ಮುಟ್ಟಿತು. ಜನವರಿಯಲ್ಲಿ 6 ಲಕ್ಷ ಒಂದೇ ಸಲ ಹಾಕಿದವರಿಗೆ ವರ್ಷದ ಕೊನೆಗೆ ಸುಮಾರು 6 ಲಕ್ಷ 89 ಸಾವಿರ ಆಯಿತು. ಪ್ರತಿ ತಿಂಗಳ ಮೊದಲ ವಹಿವಾಟಿನ ದಿನ 50 ಸಾವಿರ ಹಾಕಿದವರಿಗೆ ಬಿದ್ದ ದರ 10,800ರ ಆಸುಪಾಸು, ಕೈಗೆ ಸುಮಾರು 7 ಲಕ್ಷ 79 ಸಾವಿರ. ಡಿವಿಡೆಂಡ್, ಖರ್ಚು ಹಿಡಿದಿಲ್ಲ, ಬರೀ ಸೂಚ್ಯಂಕದ ಲೆಕ್ಕ. ಕಂತಿನವರು 90 ಸಾವಿರ ಮುಂದೆ.

ಈಗ ಅದೇ ಏರಿಳಿತದಲ್ಲಿ ಮೂರು ತಿಂಗಳು ತಡವಾಗಿ, ಏಪ್ರಿಲ್‌ನಲ್ಲಿ ಶುರು ಮಾಡಿ. 8,250ಕ್ಕೆ ಪೂರ್ತಿ ಹಾಕಿದವರಿಗೆ 2021ರ ಏಪ್ರಿಲ್‌ಗೆ ಸುಮಾರು 10 ಲಕ್ಷ 80 ಸಾವಿರ. ಹನ್ನೆರಡು ಕಂತಿನಲ್ಲಿ ಹಾಕಿದವರಿಗೆ ಬಿದ್ದ ದರ 11,300ರ ಹತ್ತಿರ, ಕೈಗೆ 7 ಲಕ್ಷ 90 ಸಾವಿರ. ಸುಮಾರು 2 ಲಕ್ಷ 90 ಸಾವಿರ ವ್ಯತ್ಯಾಸ, ಅದೂ ಉಲ್ಟಾ.

ಜನವರಿ ಲೆಕ್ಕವನ್ನೇ ಇನ್ನೊಂದು ಸಲ ನೋಡಿ. ಹನ್ನೆರಡು ತಿಂಗಳ ಬೆಲೆಗಳ ಬರೀ ಸರಾಸರಿ 10,950. ಕಂತಿನವರಿಗೆ ಬಿದ್ದದ್ದು 10,800ರ ಹತ್ತಿರ. ಅಂದರೆ ಯೂನಿಟ್ ಹೆಚ್ಚುಕಡಿಮೆಯಾಗಿ ಸಿಕ್ಕಿದ್ದರಿಂದ ಉಳಿದದ್ದು ನೂರೈವತ್ತು ಚಿಲ್ಲರೆ ಅಂಕ ಅಷ್ಟೇ. ಉಳಿದ ಲಾಭವೆಲ್ಲ ಮೊದಲ ಕಂತಾದ ಮೇಲೆ ಬೆಲೆ ಬಿದ್ದದ್ದರಿಂದ ಬಂತು. ಅದು ಬೀಳುತ್ತದೆ ಅಂತ ಜನವರಿಯಲ್ಲಿ ಯಾರಿಗೆ ಗೊತ್ತಿತ್ತು?

ಜಮಖಂಡಿ ಕಿರಾಣಿ
ಬೀಳದೆ ಸುಮ್ನೆ ಮೇಲೆ ಕೆಳಗೆ ಆಡುತ್ತಾ ಇದ್ದರೆ ಕಂತಿನವರಿಗೇ ಲಾಭ ಅಲ್ವಾ ಸರ್?

ಬೆಳಗಾವಿ ಲೆಕ್ಕಪತ್ರ
ಯಾವ ಕಡೆ ಆಡುತ್ತದೆ ಅನ್ನೋದರ ಮೇಲೆ. ಐದು ಕಂತು ಅಂದುಕೊಳ್ಳಿ. ಬೆಲೆ 100, 80, 60, 80, 100 ಆದರೆ ಕಂತಿನ ದರ 81. ಕೊನೆಗೆ ಬೆಲೆ 100 ಇರುವುದರಿಂದ ನೂರಕ್ಕೆ 23 ಲಾಭ. ಬೆಲೆ 100, 125, 150, 125, 100 ಆದರೆ? ಕಂತಿನ ದರ 117, ನೂರಕ್ಕೆ ಸುಮಾರು 15 ನಷ್ಟ. ಎರಡರಲ್ಲೂ ಏರಿಳಿತ ಇದೆ, ಎರಡರಲ್ಲೂ ಹೊರಟಲ್ಲಿಗೇ ಬಂದಿದೆ. ಒಂದೇ ಸಲ ಹಾಕಿದವರಿಗೆ ಎರಡರಲ್ಲೂ ಲಾಭವೂ ಇಲ್ಲ, ನಷ್ಟವೂ ಇಲ್ಲ.

ತಿಕೋಟಾ ದ್ರಾಕ್ಷಿ
ನಾನು ಷೇರು ಮುಟ್ಟಿಲ್ಲ. ಆದರೆ ಒಣದ್ರಾಕ್ಷಿಯನ್ನು ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟು ಕಂತಿನಲ್ಲೇ ಮಾರುತ್ತೇನೆ. ಪ್ರತಿ ಸಲ ಇಷ್ಟೇ ಬಾಕ್ಸ್ ಅಂತ ಲೆಕ್ಕ. ಎಲ್ಲ ಒಂದೇ ದಿನ ಕೊಟ್ಟರೆ ಮರುವಾರ ದರ ಏರಿದಾಗ ಹೊಟ್ಟೆ ಉರಿಯುತ್ತದೆ. ಸ್ವಲ್ಪ ಸ್ವಲ್ಪ ಕೊಟ್ಟರೆ ರಾತ್ರಿ ನಿದ್ದೆ ಬರುತ್ತದೆ. ದುಡ್ಡು ಹಾಕುವಾಗಲೂ ಇದೇ ಲೆಕ್ಕ ತಾನೇ?

ಬೆಳಗಾವಿ ಲೆಕ್ಕಪತ್ರ
ನಿದ್ದೆಯ ಮಾತು ಒಪ್ಪುತ್ತೇನೆ ಅಣ್ಣಾ. ಆದರೆ ನೀವು ಪ್ರತಿ ಸಲ ಅಷ್ಟೇ ಬಾಕ್ಸ್ ಕೊಡುತ್ತೀರಿ, ಹಾಗಾಗಿ ನಿಮಗೆ ಸಿಗುವುದು ಬರೀ ಸರಾಸರಿ ದರ. ಫಂಡಿನಲ್ಲಿ ರೂಪಾಯಿ ಅಷ್ಟೇ ಇರುತ್ತದೆ, ಯೂನಿಟ್ ಬದಲಾಗುತ್ತದೆ. ಇನ್ನೊಂದು, ಮಾಲು ಇಟ್ಟರೆ ಬಾಡಿಗೆ ಬೀಳುತ್ತದೆ. ಇಲ್ಲಿ ಕಾಯುವ ದುಡ್ಡಿಗೆ ಬಡ್ಡಿ ಬರುತ್ತದೆ, ಆದರೆ ಷೇರಿನ ಏರಿಕೆ ಸಿಗುವುದಿಲ್ಲ. ಹನ್ನೆರಡು ಕಂತು ಅಂದರೆ ಒಂದೊಂದು ರೂಪಾಯಿಯೂ ಸರಾಸರಿ ಐದೂವರೆ ತಿಂಗಳು ಹೊರಗೆ ಕಾಯುತ್ತದೆ.

ವ್ಯಾನ್‌ಗಾರ್ಡ್ ಅನ್ನೋ ಅಮೆರಿಕದ ಫಂಡ್ ಕಂಪನಿ 2012ರಲ್ಲಿ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾದ ಹಳೆಯ ಬೆಲೆಗಳ ಮೇಲೆ ಈ ಲೆಕ್ಕ ಹಾಕಿತ್ತು. ಮೂರರಲ್ಲಿ ಹೆಚ್ಚುಕಡಿಮೆ ಎರಡು ಸಲ ಒಂದೇ ಸಲ ಹಾಕಿದ್ದೇ ಮುಂದೆ ಬಂತು. ಮಾರ್ಕೆಟ್ ಬೀಳುವುದಕ್ಕಿಂತ ಏರುವ ತಿಂಗಳು ಜಾಸ್ತಿ, ಅದೇ ಕಾರಣ. ಆ ಸಂಖ್ಯೆ ನಮ್ಮ ಮಾರ್ಕೆಟ್ಟಿಗೆ ಹಾಗೇ ಹೊಂದುತ್ತದೆ ಅಂತ ನಾನು ಹೇಳುವುದಿಲ್ಲ.

ವಿಜಯಪುರ ಪಿಂಚಣಿ
ಸರ್ ಹೇಳಿದ್ದೆಲ್ಲ ಕಾಗದದ ಮೇಲೆ ಸರಿ. ನಮ್ಮ ಭಾವ 2020ರ ಜನವರಿಯಲ್ಲಿ ಕಂತು ಶುರು ಮಾಡಿದರು. ಮೂರು ಕಂತು ಕಟ್ಟಿದರು. ಲಾಕ್‌ಡೌನ್ ಆಯಿತು, ಟಿವಿಯಲ್ಲಿ ಬರೀ ಕೆಂಪು, ಅವರು ಏಪ್ರಿಲ್‌ನಿಂದ ನಿಲ್ಲಿಸಿದರು. ಎಷ್ಟು ಹೇಳಿದರೂ ಕೇಳಲಿಲ್ಲ. ಮತ್ತೆ ಕಟ್ಟಿದ್ದು ದೀಪಾವಳಿ ಹೊತ್ತಿಗೆ, ಬೆಲೆ ಮೊದಲಿನ ಮಟ್ಟಕ್ಕೆ ಬಂದ ಮೇಲೆ.

ಬೆಳಗಾವಿ ಲೆಕ್ಕಪತ್ರ
ಇದನ್ನು ಯಾರಾದರೂ ಹೇಳಲಿ ಅಂತ ಕಾಯುತ್ತಿದ್ದೆ. ನಿಮ್ಮ ಭಾವನಿಗೆ ಆ ವರ್ಷ ಬಿದ್ದ ದರ 12,100ರ ಹತ್ತಿರ ಇರಬೇಕು, ಜನವರಿಯಲ್ಲಿ ಪೂರ್ತಿ ಹಾಕಿದ್ದರೆ ಬೀಳುತ್ತಿದ್ದಷ್ಟೇ ಅನ್ನಿ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗಿನ ಕಂತುಗಳೇ ಹೆಚ್ಚುಕಡಿಮೆ ಇಡೀ ಲಾಭ ತಂದದ್ದು. ಅವನ್ನು ಬಿಟ್ಟರೆ ಕಂತು ಮಾಡಿ ಏನೂ ಸಿಗಲಿಲ್ಲ. ಅದಕ್ಕೇ ಕಂತು ಬೇಕು ಅನ್ನುವವರು ಕೈಯಿಂದ ಹಾಕಬೇಡಿ. ಎಸ್‌ಟಿಪಿ ಮಾಡಿ. ಪೂರ್ತಿ ದುಡ್ಡನ್ನು ಏರಿಳಿತ ತೀರಾ ಕಡಿಮೆ ಇರುವ ಲಿಕ್ವಿಡ್ ಫಂಡಿಗೆ ಹಾಕಿ, ಅಲ್ಲಿಂದ ಪ್ರತಿ ತಿಂಗಳು ಅದೇ ಕಂಪನಿಯ ಇಂಡೆಕ್ಸ್ ಫಂಡಿಗೆ ತಾನಾಗೇ ಹೋಗುವ ಹಾಗೆ. ಎರಡೂ ಒಂದೇ ಫಂಡ್ ಕಂಪನಿಯದ್ದಾಗಿರಬೇಕು, ಇದು ಜನರಿಗೆ ಫಾರ್ಮ್ ತುಂಬುವಾಗ ಗೊತ್ತಾಗುತ್ತದೆ.

ತೆರಿಗೆಯನ್ನೂ ನೋಡಿಕೊಳ್ಳಿ. ಪ್ರತಿ ವರ್ಗಾವಣೆಯೂ ಲಿಕ್ವಿಡ್ ಫಂಡಿನಿಂದ ಮಾರಾಟ ಅಂತಲೇ ಲೆಕ್ಕ, ಅದರ ಚಿಕ್ಕ ಲಾಭ ನಿಮ್ಮ ಆದಾಯಕ್ಕೆ ಸೇರುತ್ತದೆ. ಇಂಡೆಕ್ಸ್ ಫಂಡಿನಲ್ಲಿ ಕಡಿಮೆ ತೆರಿಗೆಗೆ ಬೇಕಾದ ಒಂದು ವರ್ಷದ ಅವಧಿ ಒಂದೊಂದು ಕಂತಿಗೂ ಬೇರೆ ಬೇರೆ ಎಣಿಸುತ್ತಾರೆ.

ಕೇಳಿದವರು, ಬಾಗಲಕೋಟೆ
ನನಗೆ ಧೈರ್ಯ ಕಡಿಮೆ ಸರ್. ಹಾಕಿದ ಮರುತಿಂಗಳು 6 ಲಕ್ಷ ನಾಲ್ಕೂವರೆ ಆದರೆ ಮನೆಯಲ್ಲಿ ತೆಗೆಸಿಬಿಡುತ್ತಾರೆ. 3 ಲಕ್ಷ ಈಗ, 3 ಲಕ್ಷ ಆರು ತಿಂಗಳ ಎಸ್‌ಟಿಪಿ ಅಂದ್ಕೊಂಡಿದ್ದೇನೆ.

ಬೆಳಗಾವಿ ಲೆಕ್ಕಪತ್ರ
ಮಾಡಿ. ಆರಕ್ಕಿಂತ ಜಾಸ್ತಿ ಎಳೆಯಬೇಡಿ. ಆದರೆ ಒಂದು ಯೋಚಿಸಿ: ಆರು ತಿಂಗಳಾದ ಮೇಲೆ ಪೂರ್ತಿ 6 ಲಕ್ಷ ಷೇರಿನಲ್ಲೇ ಇರುತ್ತದೆ, ಆಗಲೂ ನಾಲ್ಕೂವರೆ ಆಗಬಹುದು. ಮನೆಯಲ್ಲಿ ಅದಕ್ಕೂ ಒಪ್ಪುವುದಿಲ್ಲ ಅಂದರೆ ಕಂತಿನ ಪ್ರಶ್ನೆ ಬಿಟ್ಟು, 4 ಲಕ್ಷ ಷೇರಿಗೆ, 2 ಲಕ್ಷ ಠೇವಣಿಗೆ ಅಂತ ಈಗಲೇ ಭಾಗ ಮಾಡುವುದು ಮೇಲು.

ವಿಜಯಪುರ ಪಿಂಚಣಿ
ನಾನು ಇದನ್ನು ಒಪ್ಪಲ್ಲ. ಆರು ತಿಂಗಳಲ್ಲಿ ಮನೆಯವರಿಗೂ ಏರಿಳಿತ ನೋಡಿ ರೂಢಿ ಆಗುತ್ತದೆ. ನಮ್ಮ ಮನೆಯಲ್ಲಿ ಹಾಗೇ ಆಯಿತು. ಹನ್ನೆರಡೇ ಇಡಿ ಅಕ್ಕಾರೆ.